ಬಡ್ಡಿ ಯಾವಾಗ ಅಸಲಾಗುತ್ತದೆ?

ಮೇಡಂ, ಸೀನಿಯರ್‌ಗಳೇ, ಮತ್ತೆ ಮಳೆಯಲ್ಲಿ ನೆನೆದುಕೊಂಡೇ ಬಂದಿರುವ ಮೊದಲ ವರ್ಷದ ಗೆಳೆಯರೇ, ಎಲ್ಲರಿಗೂ ನಮಸ್ಕಾರ. ಧಾರವಾಡದ ಮಳೆ ಹೀಗೇ. ಹೊರಗಿನಿಂದ ಬಂದವರು ಒಂದು ಛತ್ರಿ ತಗೊಂಡುಬಿಡಿ.

ನಾನು ಬಿ.ಕಾಂ. ಐದನೇ ಸೆಮಿಸ್ಟರ್. ಊರು ಬ್ಯಾಡಗಿ ತಾಲೂಕಿನ ಒಂದು ಹಳ್ಳಿ. ಫೈನಾನ್ಸ್ ಕ್ಲಬ್‌ನ ಮೊದಲ ಸಭೆಯಲ್ಲಿ ಕಾಂಪೌಂಡಿಂಗ್ ಬಗ್ಗೆ ಮಾತಾಡು ಅಂತ ಮೇಡಂ ಹೇಳಿದರು. ಕಾಂಪೌಂಡಿಂಗ್ ಅಂದರೆ ಚಕ್ರಬಡ್ಡಿ. ಏಳನೇ ಕ್ಲಾಸಿನಲ್ಲೋ ಎಂಟನೇ ಕ್ಲಾಸಿನಲ್ಲೋ ಲೆಕ್ಕ ಮಾಡಿ ಮರೆತಿರುತ್ತೀರಿ. ನಾನೂ ಮರೆತಿದ್ದೆ. ಮತ್ತೆ ಕಲಿತದ್ದು ಪುಸ್ತಕದಿಂದ ಅಲ್ಲ, ನಮ್ಮ ಕಾಕಾನ ಟ್ರಂಕಿನಿಂದ.

ಆ ಟ್ರಂಕಿನಲ್ಲಿ ನಾಲ್ಕು ಪ್ರೋನೋಟುಗಳಿದ್ದವು. ನಾಲ್ಕಕ್ಕೂ ರೆವಿನ್ಯೂ ಸ್ಟಾಂಪು, ಸ್ಟಾಂಪಿನ ಮೇಲೆ ಕಾಕಾನ ಸಹಿ. ಮೊದಲನೆಯದು 50,000 ರೂಪಾಯಿಗೆ. ಎರಡನೆಯದು 59,000. ಮೂರನೆಯದು 69,620. ನಾಲ್ಕನೆಯದು 82,152. ನಾನು ಕೇಳಿದೆ, "ಕಾಕಾ, ನಾಕ್ ಸಲ ಸಾಲ ಮಾಡೀರೇನು?" "ಇಲ್ಲಪಾ, ಒಂದ ಸಲ" ಅಂದರು.

ಆದದ್ದು ಇಷ್ಟು. ಮೆಣಸಿನಕಾಯಿ ಬೆಳೆಗೆ ಔಷಧ, ಗೊಬ್ಬರ ಅಂತ ಊರಿನ ಒಬ್ಬರ ಹತ್ತಿರ ಐವತ್ತು ಸಾವಿರ ತಂದಿದ್ದರು. ಮೂರು ರೂಪಾಯಿ ಬಡ್ಡಿ. ಹಳ್ಳಿ ಕಡೆಯವರಿಗೆ ಇದರ ಅರ್ಥ ಗೊತ್ತು: ನೂರು ರೂಪಾಯಿಗೆ ತಿಂಗಳಿಗೆ ಮೂರು ರೂಪಾಯಿ. ಕೇಳೋಕೆ ಎಷ್ಟು ಸಣ್ಣದು ಅಲ್ವಾ? ಒಂದು ಚಹಾಕ್ಕೂ ಸಾಲದು. ವರ್ಷಕ್ಕೆ ಹಾಕಿದರೆ ಅದು ನೂರಕ್ಕೆ 36. ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವವರು ಯಾರೇ ಇರಲಿ, ಮೊದಲು ಮನಸ್ಸಿನಲ್ಲೇ ಹನ್ನೆರಡರಿಂದ ಗುಣಿಸಿಬಿಡಿ.

ಆ ವರ್ಷ ಮೆಣಸಿನಕಾಯಿಗೆ ರೇಟು ಬರಲಿಲ್ಲ. ಆರು ತಿಂಗಳಿಗೆ ಬಡ್ಡಿ 9,000 ಆಗಿತ್ತು. ಕಾಕಾನ ಹತ್ತಿರ ಇರಲಿಲ್ಲ. ಸಾಲ ಕೊಟ್ಟವರು ಜಗಳ ಆಡಲಿಲ್ಲ, ಮನೆ ಮುಂದೆ ಬಂದು ಕೂಗಾಡಲೂ ಇಲ್ಲ. "ಇರ್ಲಿ ಬಿಡು, ಕಾಗದ ಬದಲಿ ಮಾಡೋಣು" ಅಂದರು. ಹಳೇ ಕಾಗದಕ್ಕೆ ಗೆರೆ ಎಳೆದು ಹೊಸದು ಬರೆದರು. ಅದರಲ್ಲಿ ಅಸಲು 59,000. ಆ ಕ್ಷಣ ಏನಾಯಿತು ನೋಡಿ. 9,000 ರೂಪಾಯಿ ಬಡ್ಡಿ ಇತ್ತು, ಸಹಿ ಬಿದ್ದ ಮೇಲೆ ಅದು ಅಸಲಾಯಿತು. ಅಸಲಾದ ಮೇಲೆ ಅದಕ್ಕೂ ಬಡ್ಡಿ.

ಮುಂದಿನ ಆರು ತಿಂಗಳ ಬಡ್ಡಿ 10,620. ಆಮೇಲೆ 12,532. ಆಮೇಲೆ 14,787. ಕಾಕಾ ಒಂದು ರೂಪಾಯಿ ಹೊಸ ಸಾಲ ತರಲಿಲ್ಲ, ಬಡ್ಡಿ ದರವೂ ಬದಲಾಗಲಿಲ್ಲ. ಎರಡು ವರ್ಷಕ್ಕೆ ಸಾಲ 96,939. ಕಾಗದ ಬದಲಿಸದೆ ಸರಳಬಡ್ಡಿಯಲ್ಲೇ ಬಿಟ್ಟಿದ್ದರೆ 86,000 ಆಗುತ್ತಿತ್ತು. ಅದೂ ಜಾಸ್ತಿಯೇ, ಆದರೆ ಮೇಲಿನ 10,939 ರೂಪಾಯಿ ಬರೀ ಕಾಗದ ಬದಲಿಸಿದ್ದಕ್ಕೆ. ಕೊನೆಗೆ ಕಾಕಿಯ ಬಂಗಾರ ಒತ್ತೆ ಇಟ್ಟು, ಕಡಿಮೆ ಬಡ್ಡಿಯ ಸಾಲ ತಂದು ಇದನ್ನು ತೀರಿಸಿದರು. ಸಾಲ ಕೊಟ್ಟವರು ಧಾರಾಳವಾಗಿ ಆ 939 ಬಿಟ್ಟರಂತೆ. ಕಾಕಾ ಅದನ್ನು ಇವತ್ತಿಗೂ ಉಪಕಾರ ಅಂತಲೇ ಹೇಳುತ್ತಾರೆ. ನಾನು ಏನೂ ಅನ್ನುವುದಿಲ್ಲ.

ಈಗ ಬೋರ್ಡ್ ನೋಡಿ. ಇದೊಂದೇ ಸೂತ್ರ ಬರೆಯುತ್ತೇನೆ.

A = P(1 + r)^n

A ಅಂದರೆ ಕೊನೆಗೆ ಆಗುವ ಒಟ್ಟು ಮೊತ್ತ. P ಅಸಲು. r ಅಂದರೆ ಒಂದು ಅವಧಿಯ ಬಡ್ಡಿ ದರ. n ಅಂದರೆ ಎಷ್ಟು ಅವಧಿ. ಕಾಕಾನ ಲೆಕ್ಕದಲ್ಲಿ ಅವಧಿ ಆರು ತಿಂಗಳು, r 18%, ಅಂದರೆ 0.18, n 4. ಮೊಬೈಲ್‌ನಲ್ಲಿ 1.18 ಅನ್ನು ನಾಲ್ಕು ಸಲ ಗುಣಿಸಿ, 50,000ದಿಂದ ಗುಣಿಸಿ. ಅದೇ 96,939 ಬರುತ್ತದೆ. ಎಲ್ಲರೂ r ಕಡೆಗೆ ನೋಡುತ್ತಾರೆ. ಅವಧಿ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಅಂದರೆ, ಬಡ್ಡಿ ಯಾವಾಗ ಅಸಲಾಗುತ್ತದೆ?

ಈ ಪ್ರಶ್ನೆ ಹಿಡಿದುಕೊಂಡು ಯಾವ ಕಾಗದವನ್ನು ಬೇಕಾದರೂ ಓದಬಹುದು. ಬ್ಯಾಂಕಿನ ಎಫ್‌ಡಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಒಂದು ಲಕ್ಷ, 7%, ಐದು ವರ್ಷ ಇಟ್ಟರೆ 1,41,478. ಅದೇ ಎಫ್‌ಡಿಯಲ್ಲಿ ಬಡ್ಡಿಯನ್ನು ಆಗಾಗ ಕೈಗೆ ತಗೊಂಡರೆ ಚಕ್ರ ತಿರುಗುವುದಿಲ್ಲ, ಅಸಲು ಲಕ್ಷದಲ್ಲೇ ನಿಲ್ಲುತ್ತದೆ. ರಿಟೈರ್ ಆದವರು ಹಾಗೆ ತಗೊಳ್ಳುತ್ತಾರೆ, ಅವರಿಗೆ ಮನೆ ಖರ್ಚಿಗೆ ಬೇಕು, ತಪ್ಪೇನಿಲ್ಲ. ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್‌ನಲ್ಲಿ ಬಡ್ಡಿ ಅಸಲಿಗೆ ಸೇರುವುದು ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ. ಆದರೆ ಲೆಕ್ಕ ಹಾಕುವುದು ಪ್ರತಿ ತಿಂಗಳು, 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇದ್ದ ಅತಿ ಕಡಿಮೆ ಮೊತ್ತದ ಮೇಲೆ. 6ನೇ ತಾರೀಖು ಕಟ್ಟಿದಿರೋ, ಆ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಪಿಗ್ಮಿ ಕಟ್ಟುವ ಅಂಗಡಿಯವರ ಮಕ್ಕಳು ಇಲ್ಲಿ ಇದ್ದೇ ಇರುತ್ತೀರಿ. ದಿನಾ ಕಟ್ಟುತ್ತೀರಿ ಅಂದ ಮಾತ್ರಕ್ಕೆ ಬಡ್ಡಿ ದಿನಾ ಅಸಲಿಗೆ ಸೇರುವುದಿಲ್ಲ.

ಕ್ರೆಡಿಟ್ ಕಾರ್ಡ್‌ನಲ್ಲಿ ಇದು ತಿಂಗಳ ಆಟ. ಬಿಲ್ ಪೂರ್ತಿ ಕಟ್ಟಿದರೆ ಚಿಂತೆ ಇಲ್ಲ. ಉಳಿಸಿಕೊಂಡರೆ, ಕಾಕಾನ ಹಾಗೆ ತಿಂಗಳಿಗೆ 3% ಅಂತಲೇ ಇಟ್ಟುಕೊಳ್ಳಿ, ವರ್ಷಕ್ಕೆ 36 ಅಲ್ಲ, ಸುಮಾರು 42.6 ಆಗುತ್ತದೆ. ಹಳ್ಳಿಯ ಆ ಸಾಲದಲ್ಲಿ ಬಡ್ಡಿ ಅಸಲಾಗುತ್ತಿದ್ದದ್ದು ಆರು ತಿಂಗಳಿಗೊಮ್ಮೆ, ಹಾಗಾಗಿ ಇದೇ ಲೆಕ್ಕದಲ್ಲಿ 39.2. ಎಸಿ ರೂಮಿನಲ್ಲಿ ಕೊಟ್ಟ ಕಾರ್ಡ್ ಟ್ರಂಕಿನ ಪ್ರೋನೋಟಿಗಿಂತ ದುಬಾರಿ.

ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಹಳೆಯ ಹಿಂದೂ ಕಾನೂನಿನಲ್ಲಿ ದಾಮದುಪ್ಪಟ್ಟು ಅಂತ ಒಂದು ನಿಯಮ ಇತ್ತು: ಬಾಕಿ ಬಡ್ಡಿ ಅಸಲನ್ನು ಮೀರಿದರೆ, ಮೀರಿದ್ದನ್ನು ಒಂದೇ ಸಲಕ್ಕೆ ವಸೂಲಿ ಮಾಡುವ ಹಾಗಿಲ್ಲ. ಬ್ರಿಟಿಷರ ಕಾಲದಲ್ಲೂ ಮುಂಬಯಿ ಪ್ರಾಂತದ ಕೋರ್ಟುಗಳು ಇದನ್ನು ಒಪ್ಪುತ್ತಿದ್ದವು. ಆಗ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇತ್ತು. ಆದರೆ ಬಡ್ಡಿಯನ್ನೇ ಅಸಲು ಮಾಡಿ ಹೊಸ ಕಾಗದ ಬರೆಸಿಕೊಂಡರೆ, ದುಪ್ಪಟ್ಟು ಯಾವುದರ ದುಪ್ಪಟ್ಟು? ಕಾಗದ ಬದಲಿಸುವ ಜಾಣತನ ಎಲ್ಲಿಂದ ಬಂತು ಅಂತ ಇದರಿಂದ ಊಹಿಸಬಹುದು. ಇಂಥ ಸಾಲದಿಂದ ರೈತ ತಪ್ಪಿಸಿಕೊಳ್ಳಲಿ ಅಂತಲೇ 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಗದಗಿನವರು ಯಾರಿದ್ದೀರಿ ಇಲ್ಲಿ? ಕೈ ಎತ್ತಿ. ನೀವು ಇದನ್ನು ನಮಗಿಂತ ಚೆನ್ನಾಗಿ ಹೇಳಬೇಕು.

ಸರಿ, ಈಗ ಕುರ್ಚಿಯ ಆ ಕಡೆ ಕೂರೋಣ. ಸಾಲ ಮಾಡಿದವರ ಬದಲು ಹಣ ಇಟ್ಟವರಾಗೋಣ. 10,000 ರೂಪಾಯಿ, 10%, ವರ್ಷಕ್ಕೊಮ್ಮೆ ಬಡ್ಡಿ ಸೇರುತ್ತದೆ. 10% ಯಾರು ಕೊಡುತ್ತಾರೆ ಅಂತ ಕೇಳಬೇಡಿ, ಸುಮ್ನೆ ಲೆಕ್ಕ ಸುಲಭ ಆಗಲಿ ಅಂತ. ಮೊದಲ ವರ್ಷ 11,000. ಎರಡನೇ ವರ್ಷ 12,100. ಸರಳಬಡ್ಡಿಗಿಂತ ಬರೀ ನೂರು ರೂಪಾಯಿ ಜಾಸ್ತಿ. ಯಾರಿಗೂ ಖುಷಿ ಆಗುವುದಿಲ್ಲ. ಹತ್ತು ವರ್ಷಕ್ಕೆ 25,937, ಸರಳಬಡ್ಡಿ ಆದರೆ 20,000. ಇಪ್ಪತ್ತಕ್ಕೆ 67,275, ಆ ಕಡೆ 30,000. ಮೂವತ್ತಕ್ಕೆ 1,74,494, ಆ ಕಡೆ 40,000. ಕೊನೆಯ ಹತ್ತು ವರ್ಷದಲ್ಲೇ ಒಂದು ಲಕ್ಷಕ್ಕಿಂತ ಜಾಸ್ತಿ ಸೇರಿತು. ಹೆಚ್ಚಿನವರು ಅಷ್ಟು ದಿನ ಕಾಯುವುದಿಲ್ಲ. ಮೊದಲ ಐದು ವರ್ಷ ಬೋರ್ ಹೊಡೆಸುತ್ತದೆ, ಬೈಕ್ ತಗೊಳ್ಳೋಣ ಅನ್ನಿಸುತ್ತದೆ.

ಇಲ್ಲಿ ಎಲ್ಲರೂ ಹೇಳುವ ಒಂದು ಕಥೆ ಇದೆ. ಅಕ್ಕ 18ಕ್ಕೆ ಶುರು ಮಾಡಿ ಪ್ರತಿ ವರ್ಷದ ಕೊನೆಗೆ 12,000ದಂತೆ ಹತ್ತು ವರ್ಷ ಇಟ್ಟು ನಿಲ್ಲಿಸಿದಳು. ತಮ್ಮ ತನ್ನ 28ಕ್ಕೆ ಶುರು ಮಾಡಿ ಅಷ್ಟೇ ಹಣ ಮೂವತ್ತು ವರ್ಷ ಇಟ್ಟ. 8% ಸಿಕ್ಕರೆ, 58ನೇ ವಯಸ್ಸಿಗೆ ಅಕ್ಕನ ಹತ್ತಿರ ಸುಮಾರು 17.5 ಲಕ್ಷ, ತಮ್ಮನ ಹತ್ತಿರ ಸುಮಾರು 13.6 ಲಕ್ಷ. ಅಕ್ಕ ಹಾಕಿದ್ದು ಬರೀ 1.2 ಲಕ್ಷ, ತಮ್ಮ ಹಾಕಿದ್ದು 3.6 ಲಕ್ಷ. ಚಪ್ಪಾಳೆ ಬೀಳುತ್ತದೆ. ನಾನು ಮನೆಗೆ ಹೋಗಿ ಅದೇ ಲೆಕ್ಕವನ್ನು 6%ಗೆ ಹಾಕಿದೆ. ಅಕ್ಕ 9.08 ಲಕ್ಷ, ತಮ್ಮ 9.49 ಲಕ್ಷ. ತಮ್ಮ ಗೆದ್ದ! ಬೇಗ ಶುರು ಮಾಡುವುದು ಒಳ್ಳೆಯದೇ. ಆದರೆ ಯಾರಾದರೂ ಸ್ಲೈಡ್ ತೋರಿಸಿದರೆ ಯಾವ ದರ ಹಿಡಿದಿದ್ದೀರಿ ಅಂತ ಕೇಳಿ. ಷೇರು ಪೇಟೆಯ ಸ್ಲೈಡ್ ಆದರೆ ಇನ್ನೂ ಜೋರಾಗಿ ಕೇಳಿ. ಅಲ್ಲಿ ದರ ಅನ್ನೋದು ಯಾರೂ ಬರೆದು ಕೊಟ್ಟದ್ದಲ್ಲ. ನೂರು ರೂಪಾಯಿ ಒಂದು ವರ್ಷ 50% ಏರಿ, ಮರುವರ್ಷ 50% ಇಳಿದರೆ ನೂರಕ್ಕೆ ವಾಪಸ್ ಬರುವುದಿಲ್ಲ, 75ಕ್ಕೆ ಬರುತ್ತದೆ.

ತಲೆಯಲ್ಲೇ ಲೆಕ್ಕ ಹಾಕಬೇಕು ಅಂದರೆ 72 ನೆನಪಿಡಿ. 72ನ್ನು ವರ್ಷದ ಬಡ್ಡಿಯಿಂದ ಭಾಗಿಸಿದರೆ ದುಪ್ಪಟ್ಟಾಗಲು ಬೇಕಾದ ವರ್ಷ ಹೆಚ್ಚುಕಡಿಮೆ ಸಿಗುತ್ತದೆ. 6% ಆದರೆ 12 ವರ್ಷ. 3% ಕೊಡುವ ಉಳಿತಾಯ ಖಾತೆ ಆದರೆ 24. ಕಾಕಾನ 36ಕ್ಕೆ ಎರಡೇ ವರ್ಷ. 50,000 ಎರಡು ವರ್ಷಕ್ಕೆ 96,939 ಆಯಿತಲ್ಲ, ಸರಿ ಹೋಯಿತು.

ಇದನ್ನು ತಿರುಗಿಸಿಯೂ ಹಾಕಬಹುದು. ಹತ್ತು ವರ್ಷದ ಹಿಂದೆ ಅಪ್ಪನ ಜೊತೆ ಹುಬ್ಬಳ್ಳಿಗೆ ಬಂದಾಗ ನಾನು ತಿಂದ ಒಂದು ಪ್ಲೇಟ್ ಗಿರ್ಮಿಟ್‌ಗೆ 15 ರೂಪಾಯಿ. ಮಿರ್ಚಿ ಬೇರೆ. ಹೋದ ವಾರ ಅದೇ ಅಂಗಡಿಯಲ್ಲಿ 30. ಹತ್ತು ವರ್ಷಕ್ಕೆ ದುಪ್ಪಟ್ಟು. 72 ಭಾಗಿಸು 10 ಅಂದರೆ 7.2. ಗಿರ್ಮಿಟ್‌ನ ಚಕ್ರಬಡ್ಡಿ 7.2%! ಪಿಪಿಎಫ್ ದರ 2020ರ ಏಪ್ರಿಲ್‌ನಿಂದ 7.1. ಅಂದರೆ ಆ 15 ರೂಪಾಯಿಯನ್ನು ಹತ್ತು ವರ್ಷ 7.1ರಲ್ಲಿ ಇಟ್ಟಿದ್ದರೆ ಇವತ್ತು 29 ರೂಪಾಯಿ 78 ಪೈಸೆ ಆಗುತ್ತಿತ್ತು. ಅಂಗಡಿಯವರು 22 ಪೈಸೆ ಬಿಡಬೇಕಾಗುತ್ತಿತ್ತು. ಬೆಲೆಯೂ ಹೋದ ವರ್ಷದ ಬೆಲೆಯ ಮೇಲೇ ಏರುತ್ತದೆ, ಹಾಗಾಗಿ ಅದೂ ಚಕ್ರಬಡ್ಡಿಯೇ. ಬ್ಯಾಂಕು 7% ಕೊಡುತ್ತೇನೆ ಅಂದಾಗ ಆ ಕಡೆ ಗಿರ್ಮಿಟ್ ಎಷ್ಟರಲ್ಲಿ ಓಡುತ್ತಿದೆ ಅಂತಲೂ ನೋಡಬೇಕು.

ಮುಂದಿನ ಗುರುವಾರ ಮೂರೂವರೆಗೆ ಇದೇ ರೂಮಿನಲ್ಲಿ ಕೂರುತ್ತೇವೆ. ಬರುವಾಗ ಮನೆಯಿಂದ ಒಂದು ಕಾಗದ ತನ್ನಿ. ಬೈಕಿನ ಇಎಂಐ ಕಾಗದ, ಬಂಗಾರ ಒತ್ತೆ ಇಟ್ಟ ರಸೀದಿ, ಅಜ್ಜಿಯ ಎಫ್‌ಡಿ, ಏನಾದರೂ ಆಗಲಿ. ಹೆಸರು, ಅಕೌಂಟ್ ನಂಬರ್ ಮುಚ್ಚಿ ಜೆರಾಕ್ಸ್ ಮಾಡಿಸಿ. ಒಂದೊಂದಾಗಿ ಓದಿ, ಅದರಲ್ಲಿ ಬಡ್ಡಿ ಯಾವಾಗ ಅಸಲಾಗುತ್ತದೆ ಅಂತ ಹುಡುಕೋಣ. ಸಣ್ಣ ಅಕ್ಷರದಲ್ಲಿ ಇರುತ್ತದೆ, ಹಿಂದಿನ ಪುಟದಲ್ಲಿ. ನಾನು ಕಾಕಾನ ನಾಲ್ಕೂ ಪ್ರೋನೋಟು ತರುತ್ತೇನೆ, ಅವರನ್ನು ಕೇಳಿದ್ದೇನೆ. "ತಗೊಂಡು ಹೋಗು, ನನಗೇನು ಮಾಡೂದೈತಿ" ಅಂದಿದ್ದಾರೆ.

ಈಗ ಪ್ರಶ್ನೆ ಇದ್ದರೆ ಕೇಳಿ. ಹಿಂದಿನ ಬೆಂಚಿನವರಿಂದ ಶುರು ಮಾಡೋಣ.