ಮೂಡುಬಿದಿರೆಯ ಹಾಸ್ಟೆಲ್‌ಗೆ ಅಮ್ಮನ ಪತ್ರ

ತೀರ್ಥಹಳ್ಳಿ
15 ಜೂನ್ 2025

ಪ್ರೀತಿಯ ಸಿಂಚನಾ,

ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದಿದೆ. ತೋಟಕ್ಕೆ ಮೊದಲನೇ ಬೋರ್ಡೋ ಹೊಡೆಸಿ ಆಯ್ತು. ಫೋನಿನಲ್ಲಿ ನಿನ್ನ ಮುಂದಿನ ಓದು, ಓಟದ ವಿಷಯ ಎತ್ತಿದರೆ ನೀನು ದನಿ ಏರಿಸುತ್ತೀಯ, ಅಪ್ಪ ಪಕ್ಕದಿಂದ ಬಾಯಿ ಹಾಕುತ್ತಾರೆ, ಯಾರ ಮಾತೂ ಮುಗಿಯುವುದಿಲ್ಲ. ಅದಕ್ಕೇ ಕಾಗದ. ಪೂರ್ತಿ ಓದು.

ಮೊದಲು ತೀರ್ಮಾನ ಹೇಳಿಬಿಡುತ್ತೇನೆ. ಇಂಜಿನಿಯರಿಂಗ್ ಬೇಡ ಅನ್ನುವ ನಿನ್ನ ಮಾತಿಗೆ ನಾನು ಒಪ್ಪಿದೆ. ಡಿಗ್ರಿಯೇ ಬೇಡ, ಎರಡು ವರ್ಷ ಬರೀ ಓಟದ ಪ್ರಾಕ್ಟೀಸ್ ಮಾಡುತ್ತೇನೆ ಅನ್ನುವುದಕ್ಕೆ ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಅಪ್ಪನಿಗೆ ಬೇಜಾರಿದೆ. ಸಿಇಟಿಯಲ್ಲಿ 42 ಸಾವಿರದ ರ್ಯಾಂಕ್ ಬಂದಿದೆ, ಶಿವಮೊಗ್ಗದಲ್ಲೇ ಸೀಟು ಸಿಗುತ್ತದೆ, ಮನೆ ಹತ್ತಿರ, ಇನ್ನೇನು ಬೇಕು ಅಂತ ಅವರ ವಾದ. ಅವರ ಮಾತು ತೆಗೆದು ಹಾಕುವಂಥದ್ದಲ್ಲ. ಆದರೆ ನಿನ್ನ ದೊಡ್ಡಪ್ಪನ ಮಗ ಬಿ.ಇ. ಮುಗಿಸಿ ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಇನ್ನೂ ಇಂಟರ್‌ವ್ಯೂ ಕೊಡುತ್ತಲೇ ಇದ್ದಾನೆ. ಬಾಡಿಗೆ ಇಲ್ಲಿಂದಲೇ ಹೋಗುತ್ತಿದೆ. ಇಂಜಿನಿಯರಿಂಗ್ ಅಂದರೆ ಗಟ್ಟಿ, ಓಟ ಅಂದರೆ ಜೂಜು ಅಂತ ಈಗ ಅಷ್ಟು ಸುಲಭಕ್ಕೆ ಹೇಳೋಕಾಗಲ್ಲ. ಅದರ ಮೇಲೆ ವಿಟಿಯುನಲ್ಲಿ ಶೇ. 85 ಹಾಜರಿ ಬೇಕು. ಮಧ್ಯಾಹ್ನ ಲ್ಯಾಬ್, ಸಂಜೆ ರೆಕಾರ್ಡ್ ಬರೆಯುವುದು. ನೀನು ಟ್ರ್ಯಾಕ್‌ಗೆ ಇಳಿಯುವುದು ಯಾವಾಗ? ಎರಡೂ ಅರ್ಧಂಬರ್ಧ ಆಗುತ್ತದೆ. ಮನಸ್ಸಿಲ್ಲದ ಇಂಜಿನಿಯರಿಂಗ್ ನಿನಗೆ ಬ್ಯಾಕಪ್ಪೂ ಅಲ್ಲ, ಬ್ಯಾಕ್‌ಲಾಗ್ ಅಷ್ಟೇ. ಇದನ್ನು ಅಪ್ಪನಿಗೂ ಹೇಳಿದೆ. ನಗಲಿಲ್ಲ.

ಈಗ ನಿನ್ನ ಕಡೆಯ ಲೆಕ್ಕಕ್ಕೆ ಬರೋಣ. ಇದನ್ನು ಯಾರೂ ನಿನ್ನ ಮುಖಕ್ಕೆ ಹೇಳುತ್ತಿಲ್ಲ, ಎಲ್ಲರೂ ಮೆಡಲ್ ಫೋಟೋಗೆ ಲೈಕ್ ಹಾಕುತ್ತಾರೆ. ನಾನೂರು ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು 55.42 ಸೆಕೆಂಡ್. ಅಷ್ಟು ಓಡಿಯೂ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿತು. ಆ ಟೈಮಿಂಗ್ ಮುಟ್ಟೋಕೆ ನಮ್ಮ ದೇಶದ ಇನ್ನೊಬ್ಬ ಹುಡುಗಿಗೆ 2023ರ ತನಕ ಕಾಯಬೇಕಾಯಿತು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿತ್ಯಾ ರಾಮ್‌ರಾಜ್ ಅದನ್ನು ಸರಿಗಟ್ಟಿದರು. ನಿನ್ನದು ಈಗ 62.8. 60ರ ಕೆಳಗೆ ಬಂದರೆ ರಾಷ್ಟ್ರಮಟ್ಟದಲ್ಲಿ ಹೆಸರು ಕೇಳಿಸುತ್ತದೆ ಅಂತ ನಿಮ್ಮ ಕೋಚ್ ಸರ್ ನನಗೆ ಹೇಳಿದರು. ಮೂರು ಸೆಕೆಂಡ್ ಅಂದರೆ ನಮಗೆ ಕಣ್ಣು ಮಿಟುಕಿಸಿದ ಹಾಗೆ. ನಿನಗೆ ಅದು ಎಷ್ಟು ವರ್ಷದ ಕೆಲಸ ಅಂತ ನಿನಗೇ ಗೊತ್ತು.

ನಾನು ಓಡಿದವಳಲ್ಲ. ಆದರೆ ಬೆಂಗಳೂರಿನ ಕಂಠೀರವದಲ್ಲಿ ಗ್ಯಾಲರಿಯಿಂದ ಸರಿಯಾಗಿಯೇ ನೋಡಿದ್ದೇನೆ. ಏಳನೇ ಹರ್ಡಲ್‌ವರೆಗೆ ನೀನು ಎಣಿಸಿದ ಹಾಗೆ ಹೆಜ್ಜೆ ಇಡುತ್ತೀಯ. ಎಂಟನೆಯದಕ್ಕೆ ಮೊದಲು ಪುಟ್ಟ ಪುಟ್ಟ ಹೆಜ್ಜೆ ಎರಡು ಜಾಸ್ತಿ ಬರುತ್ತವೆ. ಆಮೇಲೆ ಹಿಂದಿನ ಕಾಲಿನ ಮಂಡಿ ಹಲಗೆಗೆ ತಾಗುತ್ತದೆ, ಪಕ್ಕದ ಲೇನಿನವಳು ದಾಟಿ ಹೋಗುತ್ತಾಳೆ. ಎರಡು ಹರ್ಡಲ್ ನಡುವೆ 35 ಮೀಟರ್, ಅಷ್ಟರಲ್ಲಿ ಅಷ್ಟೇ ಹೆಜ್ಜೆ ಉಳಿಸಿಕೊಳ್ಳೋಕೆ ಕಾಲಲ್ಲಿ ಶಕ್ತಿ ಬೇಕು ಅಂತ ನೀನೇ ಹೇಳಿದ್ದೆ. ಶಕ್ತಿ ಎಲ್ಲಿಂದ ಬರಬೇಕು? ಬೆಳಿಗ್ಗೆ ಎರಡು ಬಾಳೆಹಣ್ಣು ತಿಂದು ಗ್ರೌಂಡಿಗೆ ಹೋಗುವವಳು ನೀನು. ಹೋದ ಸಲ ಹಿಮೋಗ್ಲೋಬಿನ್ 9.6 ಇತ್ತು. ಮುಟ್ಟು ಎರಡು ತಿಂಗಳು ತಪ್ಪಿದ್ದನ್ನು ನನಗೆ ಹೇಳದೆ ರೂಮ್‌ಮೇಟ್‌ಗೆ ಹೇಳಿದ್ದೀಯ. ಅದು ಸುಮ್ನೆ ಬಿಡುವ ವಿಷಯ ಅಲ್ಲ. ಊಟ ಕಮ್ಮಿ, ಓಟ ಜಾಸ್ತಿ ಆದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಆಮೇಲೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬಂದು ಒಂದು ಸೀಸನ್ ಪೂರ್ತಿ ಹೋಗುತ್ತದೆ. ಈ ತಿಂಗಳೇ ಲೇಡಿ ಡಾಕ್ಟರ್‌ಗೆ ತೋರಿಸು. ರಕ್ತ ಪರೀಕ್ಷೆಯ ರಿಪೋರ್ಟ್ ನನಗೆ ವಾಟ್ಸಪ್ ಮಾಡು.

ಇನ್ನೊಂದು. ಯಾರೇ ಪುಡಿ ಕೊಡಲಿ, ಮಾತ್ರೆ ಕೊಡಲಿ, ಸೀನಿಯರ್ ಅಕ್ಕಂದಿರೇ ಕೊಡಲಿ, ಬಾಯಿಗೆ ಹಾಕಬೇಡ. 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲಿ ಮೂವರು ಮರುವರ್ಷವೇ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ತಿಂದಿದ್ದೆವು ಅಂದರು. ಆದರೂ ನಿಷೇಧ ತಪ್ಪಲಿಲ್ಲ. ನೆಗಡಿ ಔಷಧಿಯಾದರೂ ಸರಿ, ತಗೊಳ್ಳುವ ಮೊದಲು ಕೋಚ್ ಸರ್‌ಗೆ ಮತ್ತು ಡಾಕ್ಟರ್‌ಗೆ ತೋರಿಸು.

ನಿನಗೆ ಗೊತ್ತಲ್ವಾ, ಸೊಸೈಟಿಯಲ್ಲಿ ಸಾಲದ ಅರ್ಜಿ ನೋಡುವುದು ನನ್ನ ಕೆಲಸ. ಎಷ್ಟೇ ನಂಬಿಕಸ್ಥರಾದರೂ ಜಾಮೀನು ಕೇಳುತ್ತೇವೆ. ಆತ ದುಡಿಯುವುದಿಲ್ಲ ಅಂತ ಯಾರಿಗೂ ಅನುಮಾನ ಇರುವುದಿಲ್ಲ. ಕೊಳೆರೋಗ ಬಂದು ಫಸಲೇ ಉದುರಿದರೆ ಏನು ಅಂತ ಕೇಳುತ್ತೇವೆ ಅಷ್ಟೇ. ನಿನ್ನ ಹತ್ತಿರ ಡಿಗ್ರಿ ಕೇಳುತ್ತಿರುವುದೂ ಅದಕ್ಕೇ. ಪ್ರತಿ ಸಲ "ಅಮ್ಮನಿಗೆ ನನ್ನ ಮೇಲೆ ನಂಬಿಕೆ ಇಲ್ಲ" ಅಂತ ಮುಖ ಊದಿಸಿಕೊಳ್ಳಬೇಡ.

ನಾನು ವಿಚಾರಿಸಿ ಇಟ್ಟಿರುವುದು ಹೀಗೆ. ಈಗಿರುವ ಕಾಲೇಜಿನಲ್ಲೇ ಬಿ.ಕಾಂ.ಗೆ ಕ್ರೀಡಾ ಸೀಟು ಕೊಡುತ್ತಾರಂತೆ, ಊಟ ಹಾಸ್ಟೆಲ್ ಫ್ರೀ. ಕ್ಲಾಸು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕೋಚ್ ಬದಲಾಗುವುದಿಲ್ಲ, ಅದು ನನಗೆ ಸೀಟಿಗಿಂತ ದೊಡ್ಡ ವಿಷಯ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗಬೇಕು ಅಂದರೂ ನೀನು ಕಾಲೇಜಿನಲ್ಲಿ ಓದುತ್ತಿರಬೇಕು. ಸುಮ್ನೆ ಮನೆಯಿಂದ ಬಂದವರನ್ನು ಅಲ್ಲಿ ಓಡಿಸುವುದಿಲ್ಲ. ಓಟ ಕೈಹಿಡಿದರೆ ರೈಲ್ವೆಯ ಕ್ರೀಡಾ ಕೋಟಾ ಇದೆ, ಪೊಲೀಸ್ ಇಲಾಖೆ ಇದೆ. ಮಂಗಳೂರಿನ ಪೂವಮ್ಮ ಒಎನ್‌ಜಿಸಿಯಲ್ಲಿ ಕೆಲಸದಲ್ಲಿದ್ದುಕೊಂಡೇ ದೇಶಕ್ಕೆ ಓಡಿದರು. ಆದರೆ ರೈಲ್ವೆ ಕೋಟಾಗೆ 25 ವರ್ಷದ ಮಿತಿ ಇದೆ, ಮರೆಯಬೇಡ. ಓಟ ಕೈಹಿಡಿಯದಿದ್ದರೆ ಪಿಎಸ್‌ಐ ಪರೀಕ್ಷೆಗಾಗಲಿ ಬ್ಯಾಂಕ್ ಪರೀಕ್ಷೆಗಾಗಲಿ ಡಿಗ್ರಿ ಬೇಕು. ಬಿ.ಪಿ.ಎಡ್. ಮಾಡಿ ಪಿ.ಟಿ. ಟೀಚರ್ ಆಗಬೇಕು ಅಂದರೂ ಡಿಗ್ರಿ ಬೇಕು. ಮೂರು ವರ್ಷದ ಓದು ಇಷ್ಟು ಬಾಗಿಲು ತೆರೆದಿಡುತ್ತದೆ ಅಂದರೆ ನನ್ನ ಪ್ರಕಾರ ಅಗ್ಗ.

ಅಪ್ಪನಿಗೆ ನಾನು ಕೊಟ್ಟಿರುವ ಮಾತು ನಿನಗೂ ಗೊತ್ತಿರಲಿ. ಎರಡನೇ ವರ್ಷದ ಡಿಗ್ರಿ ಮುಗಿಯುವ ಹೊತ್ತಿಗೆ ಟೈಮಿಂಗ್ 60ರ ಹತ್ತಿರ ಬಂದಿರಬೇಕು, ಇಲ್ಲವೇ ರಾಷ್ಟ್ರೀಯ ಕೂಟದಲ್ಲಿ ಫೈನಲ್ ತಲುಪಿರಬೇಕು. ಬಂದಿಲ್ಲ ಅಂದರೆ ಓಟ ಬಿಡು ಅನ್ನುವುದಿಲ್ಲ. ಕೂತು ಮಾತಾಡುತ್ತೇವೆ, ಪರೀಕ್ಷೆಗಳಿಗೆ ಓದುವುದಕ್ಕೆ ಹೆಚ್ಚು ಸಮಯ ಕೊಡುತ್ತೀಯ. ಪೆಟ್ಟಾಗಿ ಒಂದು ಸೀಸನ್ ಹೋದರೆ ಅದನ್ನು ಈ ಲೆಕ್ಕದಿಂದ ಬಿಡೋಣ ಅಂತ ನಾನೇ ಸೇರಿಸಿದ್ದೇನೆ. ಅಪ್ಪ ಅದಕ್ಕೂ ಒಪ್ಪಿದರು, ಸ್ವಲ್ಪ ಗೊಣಗಿದರು.

ದುಡ್ಡಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಇಂಜಿನಿಯರಿಂಗ್‌ಗೆ ಅಂತ ಕಟ್ಟುತ್ತಿದ್ದ ಆರ್.ಡಿ. ಮೆಚ್ಯೂರ್ ಆಗಿದೆ. ಅದರಲ್ಲಿ ಅರ್ಧ ನಿನ್ನ ಹೆಸರಿಗೆ ಎಫ್.ಡಿ. ಮಾಡಿಸುತ್ತೇನೆ. ಉಳಿದಿದ್ದರಲ್ಲಿ ಸ್ಪೈಕ್ಸ್, ಫಿಸಿಯೋ, ಕೂಟಗಳಿಗೆ ಓಡಾಟ. ತಿಂಗಳಿಗೆ ಎಷ್ಟು ಖರ್ಚಾಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು, ನಾನು ಕೇಳುತ್ತೇನೆ.

ಬಿ.ಕಾಂ. ಅರ್ಜಿಗೆ ನಿನ್ನ ಸಹಿ ಬೇಕಂತೆ. ಅಡ್ಮಿಷನ್ ಮಾಡಿಸುವ ಮುಂಚೆ ಈ ಕಾಗದವನ್ನು ಕೋಚ್ ಸರ್‌ಗೂ ಓದಿಸು. ಭಾನುವಾರ ಬೆಳಿಗ್ಗೆ ಅವರೇ ಅಪ್ಪನ ಹತ್ತಿರ ಫೋನಿನಲ್ಲಿ ಮಾತಾಡಲಿ. ನಾನು ಹೇಳಿದರೆ ಹೆಂಡತಿಯ ಮಾತು, ಅವರು ಹೇಳಿದರೆ ಸರ್ ಮಾತು, ಅಷ್ಟೇ ವ್ಯತ್ಯಾಸ. ನಿನಗೆ ಇದರಲ್ಲಿ ಯಾವುದು ಒಪ್ಪಿಗೆ ಇಲ್ಲ ಅನ್ನುವುದನ್ನೂ ಬರೆದು ಕಳಿಸು. ಜಗಳ ಕಾಗದದಲ್ಲೇ ಆಡೋಣ.

ಮಾವನ ಕೈಯಲ್ಲಿ ಶೇಂಗಾ ಚಿಕ್ಕಿ, ತುಪ್ಪ, ಒಂದು ಕೆಜಿ ಖರ್ಜೂರ ಕಳಿಸಿದ್ದೇನೆ. ಹಂಚಿ ತಿನ್ನು, ಆದರೆ ಖರ್ಜೂರ ನೀನೇ ತಿನ್ನು.

ಇಂತಿ ನಿನ್ನ
ಅಮ್ಮ