ಅಮ್ಮಂಗೆ, ದುಬೈಯಿಂದ

ಅಮ್ಮಾ,

ಫೋನಲ್ಲಿ ಕೇಳಿದ್ರೆ "ಏನಿಲ್ಲ ಬಿಡೋ" ಅಂತ ಮಾತು ಮರೆಸ್ತೀಯ ಅಂತ ಬರೀತಿದೀನಿ. ಅಕ್ಕ ಎಲ್ಲಾ ಹೇಳಿದ್ಳು, ಅವಳನ್ನ ಬೈಬೇಡ. ಮೂರು ತಿಂಗಳಿಂದ ಮೋಷನ್ ಸರಿಯಾಗಿ ಆಗ್ತಿಲ್ಲ, ಮುಕ್ಕಿ ಮುಕ್ಕಿ ರಕ್ತ ಬೀಳ್ತಿದೆ, ಕೂತ್ಕೊಳೋಕೂ ಆಗ್ದೆ ನಿಂತ್ಕೊಂಡೇ ರೊಟ್ಟಿ ತಟ್ತೀಯಂತೆ, ಇದು ಏನಿಲ್ಲಾನಾ?

ನಾಚಿಕೆ ಯಾಕಮ್ಮ, ನನ್ನ ಬಟ್ಟೆ ಒಗೆದವಳು ನೀನು. ಇಲ್ಲಿ ನನ್ ರೂಮ್‌ಮೇಟ್‌ಗೂ ಪೈಲ್ಸ್ ಇತ್ತು, ಆಪರೇಷನ್ ಏನೂ ಇಲ್ದೆ ಮಾತ್ರೆ, ಮುಲಾಮಲ್ಲೇ ವಾಸಿಯಾಯ್ತು. ಎಲ್ರಿಗೂ ಕೊಯ್ಯಲ್ಲ. ಆದ್ರೆ ರಕ್ತ ಬಿದ್ರೆ ಅದು ಪೈಲ್ಸೇನಾ ಬೇರೆ ಏನಾದ್ರೂನಾ ಅಂತ ಡಾಕ್ಟರ್ ನೋಡೇ ಹೇಳ್ಬೇಕು, ಪಕ್ಕದ್ಮನೆ ಅಜ್ಜಿ ಕೊಟ್ಟ ಪುಡಿ ಹೇಳಲ್ಲ.

ನೀನು ರಕ್ತ ಕಮ್ಮಿ ಅಂತ ತಗೊಳೋ ಐರನ್ ಮಾತ್ರೆಯಿಂದಾನೂ ಮಲಬದ್ಧತೆ ಆಗುತ್ತೆ, ಅದನ್ನ ನೀನೇ ನಿಲ್ಲಿಸ್ಬೇಡ, ಚೀಟಿ ತೋರಿಸಿ ಕೇಳು. ಅಲ್ಲೀವರೆಗೂ ನೀರು ಜಾಸ್ತಿ ಕುಡಿ, ಸೊಪ್ಪು, ಪಪ್ಪಾಯ ತಿನ್ನು, ಟಬ್ಬಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂತ್ಕೋ, ಒತ್ತಡ ಬಂದಾಗ ಸೀರಿಯಲ್ ಮುಗೀಲಿ ಅಂತ ತಡ್ಕೋಬೇಡ (ನಂಗೊತ್ತು ನೀನು ಮಾಡೋದೇ ಅದು).

ಹೆಂಗಸು ಡಾಕ್ಟರೇ ಬೇಕು ಅಂದ್ಯಲ್ಲ, ಅಕ್ಕ ತುಮಕೂರಲ್ಲಿ ಲೇಡಿ ಸರ್ಜನ್ ಒಬ್ರನ್ನ ವಿಚಾರಿಸಿದಾಳೆ, ಶನಿವಾರ ಬೆಳಗ್ಗೆ ಅವಳೇ ತಿಪಟೂರಿಗೆ ಬಂದು ಕರ್ಕೊಂಡು ಹೋಗ್ತಾಳೆ. ದುಡ್ಡು ಹಾಕಿದೀನಿ. ರಕ್ತ ಜಾಸ್ತಿ ಹೋದ್ರೆ, ತಲೆ ಸುತ್ತಿದ್ರೆ ಶನಿವಾರಕ್ಕೆ ಕಾಯ್ಬೇಡ, ಆಗ್ಲೇ ಆಸ್ಪತ್ರೆಗೆ ಹೋಗು. ಹಸು ಕರೆಯೋರಿಲ್ಲ ಅಂತ ನೆಪ ಹೇಳ್ಬೇಡ, ಚಿಕ್ಕಪ್ಪಂಗೆ ಹೇಳಿದೀನಿ.

ಡಾಕ್ಟರ್ ಏನಂದ್ರು ಅಂತ ನೀನೇ ಫೋನ್ ಮಾಡಿ ಹೇಳು, ಅಕ್ಕ ಅಲ್ಲ.

ನಿನ್ನ ಮಗ