ಪುಸ್ತಕದ ಪುಟವಿನ್ಯಾಸ ಮತ್ತು ಮುಖಪುಟ ವಿನ್ಯಾಸದ ಕರಾರು ಪತ್ರ

2025ನೇ ಇಸವಿ ಸೆಪ್ಟೆಂಬರ್ ತಿಂಗಳ 8ನೇ ತಾರೀಖು ಸೋಮವಾರ, ಧಾರವಾಡದ ಬಿದಿಗೆ ಪ್ರಕಾಶನದ ಮಾಲೀಕರಾದ ಮಲ್ಲಿಕಾರ್ಜುನ ಶಿ. ಹುಲಕೋಟಿ (ಮುಂದೆ ‘ಪ್ರಕಾಶಕರು’) ಮತ್ತು ಮೈಸೂರು ಕುವೆಂಪುನಗರದ ಚೈತ್ರಾ ಎನ್. ಉಡುಪ (ಮುಂದೆ ‘ವಿನ್ಯಾಸಕರು’) ಒಪ್ಪಿ ಬರೆದುಕೊಂಡ ಕರಾರು. ವಿನ್ಯಾಸಕರು ಸ್ವತಂತ್ರವಾಗಿ ಕೆಲಸ ಮಾಡುವವರು, ಪ್ರಕಾಶನದ ನೌಕರರಲ್ಲ.

1. ಕೆಲಸದ ವ್ಯಾಪ್ತಿ

‘ಕೆರೆ ಕಟ್ಟೆಯ ಲೆಕ್ಕ’ ಎಂಬ ಪ್ರಬಂಧ ಸಂಕಲನ. ಡೆಮಿ 1/8 ಅಳತೆ (5.5 × 8.5 ಇಂಚು), 240 ಪುಟ, ಅಂದರೆ 16 ಪುಟದ 15 ಫಾರಂ. ಒಳಪುಟ ಕಪ್ಪು-ಬಿಳುಪು, ಮುಖಪುಟ ನಾಲ್ಕು ಬಣ್ಣ.

ಅ) ನುಡಿ ತಂತ್ರಾಂಶದಲ್ಲಿರುವ ಹಸ್ತಪ್ರತಿಯನ್ನು ಯೂನಿಕೋಡಿಗೆ ಬದಲಿಸಿ ಪುಟಪುಟವಾಗಿ ನೋಡುವುದು: ಪುಟಕ್ಕೆ 30 ರೂ.ನಂತೆ 7,200 ರೂ. ಬದಲಾವಣೆಯಲ್ಲಿ ಹೆಚ್ಚಾಗಿ ಕೆಡುವುದು ಅರ್ಕಾವತ್ತು, ಒತ್ತಕ್ಷರ, ದೀರ್ಘ ಮತ್ತು ಉದ್ಧರಣ ಚಿಹ್ನೆಗಳು. ಇವನ್ನು ಸರಿಪಡಿಸುವುದು ಈ ಮೊತ್ತದಲ್ಲೇ ಸೇರಿದೆ. ಕಾಗುಣಿತ, ವಾಕ್ಯ, ಮಾಹಿತಿ ತಿದ್ದುವುದು ಸೇರಿಲ್ಲ. ಅದು ಪ್ರಕಾಶಕರ ಕರಡು ತಿದ್ದುವವರ ಕೆಲಸ.

ಆ) ಪುಟವಿನ್ಯಾಸ: ಪುಟಕ್ಕೆ 120 ರೂ.ನಂತೆ 28,800 ರೂ. ಪರಿವಿಡಿ, ಅಡಿಟಿಪ್ಪಣಿ, 18 ಫೋಟೊಗಳ ಜೋಡಣೆ ಇದರಲ್ಲಿ ಸೇರಿದೆ. ಫೋಟೊಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ ಇರಬೇಕು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರ ಕುಗ್ಗಿ ಬಂದಿರುತ್ತದೆ, ಆದ್ದರಿಂದ ಅಂಥದ್ದನ್ನು ಸ್ವೀಕರಿಸುವುದಿಲ್ಲ. ಮೂಲ ಫೈಲನ್ನು ಡ್ರೈವ್ ಮೂಲಕ ಕಳಿಸಬೇಕು.

ಇ) ಮುಖಪುಟ, ಬೆನ್ನು, ಹಿಂಬದಿ: 12,000 ರೂ. ಬೆನ್ನಿನ ದಪ್ಪವನ್ನು ಮುದ್ರಕರು ಕಾಗದ ಖಚಿತವಾದ ಮೇಲೆ ಲಿಖಿತವಾಗಿ ತಿಳಿಸಬೇಕು. ಆಮೇಲೆ ಕಾಗದ ಬದಲಾದರೆ ಒಮ್ಮೆ ಉಚಿತವಾಗಿ ಹೊಂದಿಸಿಕೊಡಲಾಗುವುದು, ಎರಡನೇ ಸಲಕ್ಕೆ 750 ರೂ.

ಒಟ್ಟು 48,000 ರೂ. ಪುಟ 240 ದಾಟಿದರೆ ಹೆಚ್ಚಿನ ಪ್ರತಿ ಪುಟಕ್ಕೆ 150 ರೂ. ನಕ್ಷೆ ಬರೆಯುವುದು (ಒಂದಕ್ಕೆ 1,500 ರೂ.), ಇ-ಪುಸ್ತಕ, ಬಿಡುಗಡೆಯ ಪೋಸ್ಟರ್ ಮತ್ತು ಮುದ್ರಣದ ಉಸ್ತುವಾರಿ ಇದರಲ್ಲಿಲ್ಲ. ಐಎಸ್‌ಬಿಎನ್ ಸಂಖ್ಯೆಯನ್ನು ಪ್ರಕಾಶಕರೇ ತರಬೇಕು. ಬಾರ್‌ಕೋಡ್ ವಿನ್ಯಾಸಕರು ಮಾಡಿಕೊಡುತ್ತಾರೆ.

2. ದಿನಾಂಕಗಳು

ಅಂತಿಮ ಹಸ್ತಪ್ರತಿ ಸೆಪ್ಟೆಂಬರ್ 12ಕ್ಕೆ, ಯೂನಿಕೋಡ್ ಪಠ್ಯ 22ಕ್ಕೆ, ಮುಖಪುಟದ ಮೂರು ಮಾದರಿ 26ಕ್ಕೆ. ಮೊದಲ ಪ್ರೂಫ್ ಅಕ್ಟೋಬರ್ 10ಕ್ಕೆ (ಆಯುಧಪೂಜೆ, ವಿಜಯದಶಮಿ ರಜೆ ಲೆಕ್ಕ ಹಾಕಿದೆ). ಅದರ ತಿದ್ದುಪಡಿ 18ಕ್ಕೆ, ಎರಡನೇ ಪ್ರೂಫ್ 27ಕ್ಕೆ, ಅದರ ತಿದ್ದುಪಡಿ ನವೆಂಬರ್ 3ಕ್ಕೆ, ಅಚ್ಚಿನ ಪಿಡಿಎಫ್ ನವೆಂಬರ್ 10ಕ್ಕೆ. ಪ್ರಕಾಶಕರ ಕಡೆಯಿಂದ ಎಷ್ಟು ದಿನ ತಡವಾಗುವುದೋ ಮುಂದಿನ ದಿನಾಂಕಗಳು ಅಷ್ಟೇ ದಿನ ಮುಂದೆ ಹೋಗುತ್ತವೆ.

ಬರೀ ವಿನ್ಯಾಸಕರ ಕಾರಣದಿಂದ ಅಚ್ಚಿನ ಪಿಡಿಎಫ್ 7 ದಿನಕ್ಕಿಂತ ಹೆಚ್ಚು ತಡವಾದರೆ, 8ನೇ ದಿನದಿಂದ ದಿನಕ್ಕೆ 500 ರೂ.ನಂತೆ, ಗರಿಷ್ಠ 4,800 ರೂ. ಕೊನೆಯ ಕಂತಿನಲ್ಲಿ ಕಡಿತವಾಗುತ್ತದೆ.

3. ತಿದ್ದುಪಡಿಯ ಸುತ್ತುಗಳು

ಒಳಪುಟಕ್ಕೆ ಎರಡು ಸುತ್ತು. ಮುಖಪುಟಕ್ಕೆ ಮೂರು ಮಾದರಿಗಳಲ್ಲಿ ಒಂದನ್ನು ಆರಿಸಿದ ಮೇಲೆ ಎರಡು ಸುತ್ತು. ಆರಿಸಿದ ನಂತರ ‘ಮೂರೂ ಬೇಡ, ಹೊಸದು ಕೊಡಿ’ ಎಂದರೆ ಹೊಸ ಮಾದರಿಯೊಂದಕ್ಕೆ 3,000 ರೂ.

ಒಂದು ಸುತ್ತು ಎಂದರೆ: ಲೇಖಕರು, ಸಂಪಾದಕರು, ಕರಡು ತಿದ್ದುವವರು ಎಲ್ಲರ ಗುರುತುಗಳೂ ಒಂದೇ ಪಿಡಿಎಫ್‌ನಲ್ಲಿ, ಪ್ರಕಾಶಕರ ಇಮೇಲಿನಿಂದ, ಒಂದೇ ಸಲ ಬರುವುದು. ಲೇಖಕರು ನೇರವಾಗಿ ಫೋನಿನಲ್ಲಿ ಹೇಳಿದ್ದನ್ನಾಗಲಿ, ಧ್ವನಿ ಸಂದೇಶದಲ್ಲಿ ಬಂದದ್ದನ್ನಾಗಲಿ ವಿನ್ಯಾಸಕರು ಅಳವಡಿಸುವುದಿಲ್ಲ. ಒಬ್ಬರು ತೆಗೆಸಿದ ಅಲ್ಪವಿರಾಮವನ್ನು ಇನ್ನೊಬ್ಬರು ಮತ್ತೆ ಹಾಕಿಸುವುದು ಇಂಥ ಬಿಡಿ ಸೂಚನೆಗಳಿಂದಲೇ. ಎರಡು ಗುರುತುಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಪ್ರಕಾಶಕರ ಮಾತೇ ಅಂತಿಮ.

ಮೊದಲ ಸುತ್ತಿನಲ್ಲಿ 720 ತಿದ್ದುಪಡಿ (ಪುಟಕ್ಕೆ ಸರಾಸರಿ ಮೂರು), ಎರಡನೆಯದರಲ್ಲಿ 240. ಅದಕ್ಕೆ ಮೀರಿದ ಪ್ರತಿಯೊಂದಕ್ಕೂ 8 ರೂ. ಹೊಸ ಪ್ಯಾರಾ ಸೇರಿಸುವುದು ಅಥವಾ ಇಡೀ ಪ್ಯಾರಾ ತೆಗೆಯುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗೆ ಮಾಡಿದರೆ ಆ ಪ್ರಬಂಧದ ಕೊನೆಯವರೆಗೂ ಸಾಲುಗಳು ಜರುಗಿ, ಫೋಟೊ ಮತ್ತು ಅಡಿಟಿಪ್ಪಣಿಗಳು ಪುಟ ಬದಲಿಸುತ್ತವೆ, ಪರಿವಿಡಿ ತಪ್ಪುತ್ತದೆ. ಅದಕ್ಕೆ ಗಂಟೆಗೆ 600 ರೂ.; ಎಷ್ಟು ಗಂಟೆ ಹಿಡಿಯುತ್ತದೆಂದು ಮೊದಲೇ ತಿಳಿಸಿ, ಒಪ್ಪಿಗೆ ಬಂದ ಮೇಲೆ ಕೆಲಸ.

ವಿನ್ಯಾಸಕರ ತಪ್ಪು (ಒಡೆದ ಒತ್ತಕ್ಷರ, ಬಿಟ್ಟುಹೋದ ಸಾಲು, ತಪ್ಪಿದ ಪುಟಸಂಖ್ಯೆ) ಯಾವ ಎಣಿಕೆಗೂ ಸೇರದು. ಅದನ್ನು ಅಚ್ಚಿಗೆ ಹೋಗುವವರೆಗೆ ಎಷ್ಟು ಸಲವಾದರೂ ಉಚಿತವಾಗಿ ತಿದ್ದಬೇಕು. ಮೂರನೇ ಸುತ್ತು ಬೇಕಾದರೆ 100 ತಿದ್ದುಪಡಿಯವರೆಗೆ 2,500 ರೂ.; ಮುಖಪುಟದ ಹೆಚ್ಚುವರಿ ಸುತ್ತಿಗೆ 1,500 ರೂ.

ಪ್ರಕಾಶಕರು ‘ಅಚ್ಚಿಗೆ ಸರಿ’ ಎಂದು ಇಮೇಲಿನಲ್ಲಿ ಬರೆದ ಮೇಲೆ ಉಳಿದ ಅಕ್ಷರದೋಷದ ಹೊಣೆ ಪ್ರಕಾಶಕರದು. ಫೈಲಿನ ತಾಂತ್ರಿಕ ದೋಷದ (ಫಾಂಟ್ ಸೇರದಿರುವುದು, ಸುತ್ತ 3 ಮಿ.ಮೀ. ಬ್ಲೀಡ್ ಇಲ್ಲದಿರುವುದು) ಹೊಣೆ ವಿನ್ಯಾಸಕರದೇ.

4. ಹಣ ಪಾವತಿ

ಮೊದಲ ಕಂತು 19,200 ರೂ. (ಶೇ. 40), ಸಹಿಯಾದ 3 ದಿನದೊಳಗೆ. ಹಣ ಮತ್ತು ಹಸ್ತಪ್ರತಿ ಎರಡೂ ಕೈಸೇರಿದ ಮೇಲೆ ಕೆಲಸ ಶುರು.
ಎರಡನೇ ಕಂತು 14,400 ರೂ. (ಶೇ. 30), ಮೊದಲ ಪ್ರೂಫ್ ಕಳಿಸಿದ 7 ದಿನದೊಳಗೆ.
ಮೂರನೇ ಕಂತು 14,400 ರೂ. (ಶೇ. 30) ಮತ್ತು ಹೆಚ್ಚುವರಿ ಕೆಲಸದ ಬಾಕಿ, ಅಚ್ಚಿನ ಪಿಡಿಎಫ್ ಕೊಡುವ ಮೊದಲು. ಅಲ್ಲಿಯವರೆಗಿನ ಪ್ರೂಫ್‌ಗಳ ಮೇಲೆ ‘ಕರಡು’ ಎಂಬ ಅಡ್ಡಬರಹ ಇರುತ್ತದೆ.

ಪುಸ್ತಕ ಮಾರಾಟವಾಗುವುದಕ್ಕೂ, ಗ್ರಂಥಾಲಯ ಇಲಾಖೆಯ ಖರೀದಿಯ ಹಣ ಬರುವುದಕ್ಕೂ ಈ ಕಂತುಗಳಿಗೂ ಸಂಬಂಧವಿಲ್ಲ. ವಿನ್ಯಾಸಕರ ವಾರ್ಷಿಕ ವಹಿವಾಟು 20 ಲಕ್ಷ ರೂ. ಒಳಗಿದ್ದು ಜಿಎಸ್‌ಟಿ ನೋಂದಣಿ ಇಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವುದಿಲ್ಲ. ಕಾನೂನಿನಂತೆ ಟಿಡಿಎಸ್ ಹಿಡಿದರೆ ಅದರ ಪ್ರಮಾಣಪತ್ರ ಕೊಡಬೇಕು. ವಿನ್ಯಾಸಕರಿಗೆ ಉದ್ಯಮ್ ನೋಂದಣಿ ಇರುವುದರಿಂದ ಗಡುವು ಮೀರಿದ ಬಾಕಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ಬಡ್ಡಿ ಅನ್ವಯಿಸುತ್ತದೆ: ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ.

5. ಕೆಲಸ ರದ್ದಾದರೆ

ಪ್ರಕಾಶಕರು ಯಾವ ಹಂತದಲ್ಲೂ ಇಮೇಲ್ ಬರೆದು ರದ್ದು ಮಾಡಬಹುದು. ಲೇಖಕರು ಹಸ್ತಪ್ರತಿ ಹಿಂದಕ್ಕೆ ಪಡೆದರೂ ಅದು ಪ್ರಕಾಶಕರಿಂದ ಆದ ರದ್ದು ಎಂದೇ ಲೆಕ್ಕ.

ಕೆಲಸ ಶುರುವಾಗುವ ಮೊದಲು: ವಿನ್ಯಾಸಕರು 4,800 ರೂ. ಇಟ್ಟುಕೊಂಡು 14,400 ರೂ.ಗಳನ್ನು 7 ದಿನದೊಳಗೆ ಮರಳಿಸಬೇಕು. ಈ ಪುಸ್ತಕಕ್ಕಾಗಿ ಎತ್ತಿಟ್ಟ ದಿನಗಳಿಗೆ ಬೇರೆ ಕೆಲಸ ತಕ್ಷಣ ಸಿಗುವುದಿಲ್ಲವೆಂಬುದೇ ಈ ಮೊತ್ತದ ಆಧಾರ.

ಶುರುವಾದ ಮೇಲೆ, ಮೊದಲ ಪ್ರೂಫ್‌ಗೆ ಮುಂಚೆ: ಆದಷ್ಟು ಕೆಲಸಕ್ಕೆ 1ನೇ ಕಲಮಿನ ದರ, ಮುಖಪುಟದ ಮಾದರಿ ಕೊಟ್ಟಿದ್ದರೆ 6,000 ರೂ. ಉದಾಹರಣೆಗೆ ಯೂನಿಕೋಡ್ ಮುಗಿದು (7,200), ಮಾದರಿ ಕೊಟ್ಟು (6,000), 90 ಪುಟ ಆಗಿದ್ದರೆ (10,800) ಒಟ್ಟು 24,000 ರೂ.; ಮುಂಗಡ ಕಳೆದು 4,800 ರೂ. ಬಾಕಿ. ಮುಂಗಡವೇ ಹೆಚ್ಚಿದ್ದರೆ ಉಳಿದದ್ದು ವಾಪಸ್, ಆದರೆ ವಿನ್ಯಾಸಕರಿಗೆ 4,800 ರೂ.ಗಿಂತ ಕಡಿಮೆಯಾಗುವಂತಿಲ್ಲ.

ಮೊದಲ ಪ್ರೂಫ್ ಕಳಿಸಿದ ಮೇಲೆ: 33,600 ರೂ. ಎರಡನೇ ಪ್ರೂಫ್ ನಂತರ: 43,200 ರೂ. ‘ಅಚ್ಚಿಗೆ ಸರಿ’ ಎಂದ ಮೇಲೆ: ಪೂರ್ತಿ ಹಣ.

ಉತ್ತರವೇ ಬಾರದಿದ್ದರೆ: 21 ದಿನ ಮೌನವಾದರೆ ಕೆಲಸ ತಡೆಹಿಡಿದಂತೆ, ಮತ್ತೆ ಶುರು ಮಾಡಲು 3,000 ರೂ. ಮತ್ತು ಹೊಸ ದಿನಾಂಕಪಟ್ಟಿ. 60 ದಿನ ದಾಟಿದರೆ ಪ್ರಕಾಶಕರೇ ರದ್ದು ಮಾಡಿದಂತೆ.

ವಿನ್ಯಾಸಕರು ಬಿಟ್ಟುಹೋದರೆ, ಅಥವಾ ತಮ್ಮ ಕಾರಣದಿಂದ ಮೊದಲ ಪ್ರೂಫ್ 15 ದಿನ ತಡವಾಗಿ ಪ್ರಕಾಶಕರು ರದ್ದು ಮಾಡಿದರೆ, ಮೇಲಿನ 4,800 ರೂ. ಹಕ್ಕು ಇರುವುದಿಲ್ಲ. ಬಳಕೆಗೆ ಬರುವ ಯೂನಿಕೋಡ್ ಪಠ್ಯ ಮತ್ತು ಮುಗಿದ ಪುಟಗಳ ಹಣ ಮಾತ್ರ ವಿನ್ಯಾಸಕರು ಇಟ್ಟುಕೊಂಡು, ತೆರೆದ ಇನ್‌ಡಿಸೈನ್ ಫೈಲು ಹಾಗೂ ಬಳಸಿದ ಫಾಂಟ್‌ಗಳ ಪಟ್ಟಿಯ ಜೊತೆ ಉಳಿದ ಹಣವನ್ನು 10 ದಿನದೊಳಗೆ ಪ್ರಕಾಶಕರಿಗೆ ಒಪ್ಪಿಸಬೇಕು. ಆಸ್ಪತ್ರೆ ಸೇರುವಂಥ ಅನಾರೋಗ್ಯಕ್ಕೆ ಇಬ್ಬರಿಗೂ 15 ದಿನ ವಿನಾಯಿತಿ.

6. ಹಕ್ಕು

ಪೂರ್ತಿ ಹಣ ಸಂದ ದಿನ ಮುಖಪುಟ ಮತ್ತು ಪುಟವಿನ್ಯಾಸದ ಕೃತಿಸ್ವಾಮ್ಯ, ಅದರ ಪೂರ್ಣ ಅವಧಿಗೆ ಮತ್ತು ಎಲ್ಲ ದೇಶಗಳಿಗೆ, ಪ್ರಕಾಶಕರಿಗೆ ವರ್ಗವಾಗುತ್ತದೆ. ಅವಧಿ ಬರೆಯದಿದ್ದರೆ 1957ರ ಕಾಯ್ದೆಯಂತೆ 5 ವರ್ಷ, ದೇಶ ಬರೆಯದಿದ್ದರೆ ಭಾರತ ಮಾತ್ರ ಎಂದಾಗುವುದರಿಂದ ಇದನ್ನು ಬಿಡಿಸಿ ಬರೆದಿದೆ. ಆರಿಸದ ಎರಡು ಮಾದರಿ ವಿನ್ಯಾಸಕರವು. ರದ್ದಾದ ಕೆಲಸದ ಮುಖಪುಟವನ್ನು 12,000 ರೂ. ಪೂರ್ತಿ ಸಲ್ಲದೆ ಬಳಸುವಂತಿಲ್ಲ. ಲೇಖಕರ ಪಠ್ಯದ ಯೂನಿಕೋಡ್ ಪ್ರತಿಯನ್ನು ಅದರ ಹಣ ಸಂದಿದ್ದರೆ ವಿನ್ಯಾಸಕರು ತಡೆಹಿಡಿಯುವಂತಿಲ್ಲ. ಪುಸ್ತಕದ ಹಕ್ಕುಪುಟದಲ್ಲಿ ‘ಮುಖಪುಟ, ಒಳವಿನ್ಯಾಸ: ಚೈತ್ರಾ ಎನ್. ಉಡುಪ’ ಎಂದು ಹಾಕಬೇಕು.

7. ತಕರಾರು

ಮೊದಲು ಇಬ್ಬರೂ ಕೂತು ಮಾತಾಡಬೇಕು. 30 ದಿನದಲ್ಲಿ ಬಗೆಹರಿಯದಿದ್ದರೆ ಮೈಸೂರಿನ ನ್ಯಾಯಾಲಯ. ಎಂಎಸ್‌ಎಂಇಡಿ ಕಾಯ್ದೆಯಡಿ ದೂರು ಕೊಡುವ ಹಕ್ಕು ಇದರಿಂದ ಕಡಿಮೆಯಾಗದು. ಈ ಕರಾರಿನ ಬದಲಾವಣೆ ಇಬ್ಬರೂ ಇಮೇಲಿನಲ್ಲಿ ಒಪ್ಪಿದರೆ ಮಾತ್ರ ಊರ್ಜಿತ.

ಎರಡು ಪ್ರತಿ ಮಾಡಿ, ಪ್ರತಿ ಹಾಳೆಗೂ ಸಹಿ ಹಾಕಿ, ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡಿದ್ದೇವೆ.

(ಸಹಿ) ಮಲ್ಲಿಕಾರ್ಜುನ ಶಿ. ಹುಲಕೋಟಿ, ಬಿದಿಗೆ ಪ್ರಕಾಶನ, ಧಾರವಾಡ
(ಸಹಿ) ಚೈತ್ರಾ ಎನ್. ಉಡುಪ, ಕುವೆಂಪುನಗರ, ಮೈಸೂರು